ಮಿಕ್ಕಿದ ಚಪಾತಿ ಉಪ್ಪಿಟ್ಟಿಗೆ ನೀರೆಷ್ಟು ಹಾಕ್ಬೇಕು?

ಪ್ರಶ್ನೆ: ಅಕ್ಕಾ, ನಮ್ಮನೇಲಿ ರಾತ್ರಿ ಐದಾರು ಚಪಾತಿ ಮಿಕ್ಕೇ ಮಿಕ್ಕುತ್ತೆ. ಬೆಳಗ್ಗೆ ಉಪ್ಪಿಟ್ಟು ಮಾಡಿದ್ರೆ ಒಂದಿನ ರಟ್ಟು ಅಗಿದಂಗೆ ಇರುತ್ತೆ, ಇನ್ನೊಂದಿನ ಅಂಟಂಟು ಮುದ್ದೆ. ನೀರು ಎಷ್ಟು ಹಾಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಮಕ್ಕಳ ಡಬ್ಬಿಗೂ ಹಾಕ್ಬಹುದಾ? ಗೌರಿಬಿದನೂರಿಂದ.

ಉತ್ತರ: ಆರು ಚಪಾತಿಗೆ ಊಟದ ದೊಡ್ಡ ಚಮಚದಲ್ಲಿ ನಾಲ್ಕೈದು ಚಮಚ ನೀರು ಕಣಮ್ಮ, ಅಷ್ಟೇ. ಲೋಟದ ಲೆಕ್ಕ ಅಲ್ಲವೇ ಅಲ್ಲ. ಆದ್ರೆ ಇಷ್ಟನ್ನೇ ಬರ್ಕೊಂಡು ನಾಳೆ ಮಾಡೋಕೆ ಹೋದ್ರೆ ಮತ್ತೆ ಒಂದಿನ ಸರಿ ಬಂದು ಇನ್ನೊಂದಿನ ಕೈಕೊಡುತ್ತೆ, ಯಾಕಂದ್ರೆ ರಾತ್ರಿ ಮಿಕ್ಕಿದ ಚಪಾತಿ ದಿನಾ ಒಂದೇ ತರ ಇರಲ್ಲ. ಒಂದಿನ ಹಾಟ್‌ಬಾಕ್ಸಲ್ಲಿ ಇರುತ್ತೆ, ಇನ್ನೊಂದಿನ ತಟ್ಟೇಲಿ ಬಿಟ್ಟು ಮೇಲೊಂದು ತಟ್ಟೆ ಮುಚ್ಚಿರ್ತೀರ, ಮತ್ತೊಂದಿನ ಫ್ರಿಜ್ಜಲ್ಲಿ ಇಟ್ಟಿರ್ತೀರ. ನೀವು ಹಾಕೋ ನೀರು ಮಾತ್ರ ದಿನಾ ಒಂದೇ ಅಳತೆ. ಅದಕ್ಕೇ ಒಂದಿನ ರಟ್ಟು, ಒಂದಿನ ಮುದ್ದೆ.

ನಂಗನ್ಸೋದು ಇದಕ್ಕೆ ಉಪ್ಪಿಟ್ಟು ಅಂತ ಹೆಸರಿಟ್ಟಿದ್ದೇ ಅರ್ಧ ಸಮಸ್ಯೆ. ಹೆಸರು ಕೇಳಿದ ತಕ್ಷಣ ಕೈ ತಾನಾಗೇ ರವೆ ಉಪ್ಪಿಟ್ಟಿನ ದಾರಿ ಹಿಡಿಯುತ್ತೆ, ಒಗ್ಗರಣೆ ಹಾಕು, ನೀರು ಸುರಿ, ಕುದಿ ಬಂದ ಮೇಲೆ ಒಳಗೆ ಹಾಕು ಅಂತ. ರವೆ ಹಸಿ ಧಾನ್ಯ, ಒಂದು ಲೋಟ ರವೆ ಎರಡೂವರೆ ಮೂರು ಲೋಟ ನೀರು ಕುಡಿದ್ರೇನೇ ಬೇಯೋದು. ಚಪಾತಿ ಹಂಗಲ್ಲ, ಅದು ನಿನ್ನೆ ರಾತ್ರಿನೇ ನೀರು ಕುಡಿದು ಕಲಸಿಸಿಕೊಂಡು ಹೆಂಚಿನ ಮೇಲೆ ಬೆಂದು ಮುಗಿದಿದೆ. ಇನ್ನೊಂದ್ಸಲ ಬೇಯಿಸೋದು ಏನೂ ಇಲ್ಲ, ಬಿಗಿದುಕೊಂಡಿರೋದನ್ನ ಸಡಿಲ ಮಾಡ್ಬೇಕು, ರುಚಿ ಹಿಡಿಸ್ಬೇಕು, ಅಷ್ಟೇ ಕೆಲಸ. ನನ್ನ ಕೇಳಿದ್ರೆ ಇದು ಚಿತ್ರಾನ್ನದ ಜಾತಿದು. ಚಿತ್ರಾನ್ನಕ್ಕೆ ಯಾರಾದ್ರೂ ಒಗ್ಗರಣೇಲಿ ನೀರು ಕುದಿಸ್ತಾರಾ?

ಇದನ್ನ ನಾನೂ ಪೆಟ್ಟು ತಿಂದೇ ಕಲ್ತಿದ್ದು. ತುಮಕೂರಲ್ಲಿ ಬಿ.ಎಚ್. ರಸ್ತೆ ಹತ್ರ ಹುಡುಗರಿಗೆ ಮೆಸ್ ನಡೆಸ್ತಿದ್ದಾಗ ಒಂದ್ಸಲ ಹಬ್ಬಕ್ಕೆ ಅರ್ಧ ಹುಡುಗರು ಊರಿಗೆ ಹೋಗ್ಬಿಟ್ರು, ನಮಗೆ ಗೊತ್ತಾಗೋ ಹೊತ್ತಿಗೆ ರಾತ್ರಿ ಚಪಾತಿ ಬೇಯಿಸಿ ಆಗಿತ್ತು. ಎಂಬತ್ತು ಚಪಾತಿ ಮಿಕ್ತು. ಬೆಳಗ್ಗೆ ದೊಡ್ಡ ತಪ್ಪಲೇಲಿ ಈರುಳ್ಳಿ ಟೊಮೆಟೊ ಹುರಿದು, ರವೆಗೆ ಹಾಕೋ ಅಭ್ಯಾಸದಲ್ಲಿ ಒಂದು ದೊಡ್ಡ ಚೊಂಬು ನೀರು ಹಾಕಿ, ಕುದಿ ಬಂದ ಮೇಲೆ ಚಪಾತಿ ಚೂರು ಸುರಿದು ಮುಚ್ಚಿದೆ. ಐದು ನಿಮಿಷ ಬಿಟ್ಟು ತೆಗೆದ್ರೆ ತಳದಲ್ಲಿದ್ದಿದ್ದು ಅಂಬಲಿ, ಮಧ್ಯ ಇದ್ದಿದ್ದು ಮುದ್ದೆ, ಮೇಲಿಂದು ಹಂಗೇ ಒಣಾ ಒಣಾ. ಒಬ್ಬ ಹುಡುಗ ತಟ್ಟೆ ನೋಡಿ "ಆಂಟಿ ಇದಕ್ಕೆ ಬಸ್ಸಾರು ಹಾಕ್ಕೋಬೇಕಾ?" ಅಂದ. ಅವತ್ತಿಂದ ನೀರನ್ನ ತಪ್ಪಲೆಗೆ ಹಾಕೋದು ಬಿಟ್ಟು ಚಪಾತಿ ಮೇಲೆ ಚಿಮುಕಿಸೋದು ಶುರು ಮಾಡ್ದೆ.

ಈಗ ಚಪಾತಿ ಯಾಕೆ ಗಟ್ಟಿ ಆಗುತ್ತೆ ಅನ್ನೋದು ಸ್ವಲ್ಪ ಗೊತ್ತಿದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ಎಲ್ರೂ ಅಂದ್ಕೊಳ್ಳೋದು ನೀರಾರಿ ಗಟ್ಟಿ ಆಗುತ್ತೆ ಅಂತ. ಅದು ಅರ್ಧ ಮಾತ್ರ ನಿಜ. ಗಾಳಿ ಆಡದಂಗೆ ಗಟ್ಟಿಯಾಗಿ ಕವರಲ್ಲಿ ಸುತ್ತಿಟ್ರೂ ಬೆಳಗ್ಗೆ ಚಪಾತಿ ರಾತ್ರಿ ಇದ್ದಷ್ಟು ಮೆತ್ತಗೆ ಇರಲ್ಲ ಅಲ್ವಾ, ನೀರು ಎಲ್ಲೂ ಹೋಗಿರಲ್ಲ ಆದ್ರೂ ಬಿಗಿಯಾಗಿರುತ್ತೆ. ಗೋಧಿ ಹಿಟ್ಟಿನಲ್ಲಿರೋ ಪಿಷ್ಟ ಹೆಂಚಿನ ಮೇಲೆ ಬಿಸಿಗೆ ನೀರು ಹೀರಿ ಉಬ್ಬಿ ಸಡಿಲ ಆಗಿರುತ್ತೆ, ತಣ್ಣಗಾಗ್ತಾ ಆಗ್ತಾ ಅದು ಮತ್ತೆ ಒಂದಕ್ಕೊಂದು ಜೋಡಿಸ್ಕೊಂಡು ಗಟ್ಟಿ ಕಟ್ಕೊಳ್ಳುತ್ತೆ. ತಂಗಳನ್ನ ಬಿರುಸಾಗೋದೂ ಇದಕ್ಕೇ. ಫ್ರಿಜ್ಜಿನ ತಣ್ಣಗಿರೋ ಹದ ಇದೆಯಲ್ಲ, ಅದ್ರಲ್ಲಿ ಈ ಬಿಗಿಯೋದು ಇನ್ನೂ ಬೇಗ ನಡೆಯುತ್ತೆ, ಹಂಗಾಗಿ ಫ್ರಿಜ್ಜಲ್ಲಿಟ್ಟ ಚಪಾತಿ ಹೊರಗಿಟ್ಟಿದ್ದಕ್ಕಿಂತ ಗಟ್ಟಿ ಅನ್ಸುತ್ತೆ.

ಆದ್ರೆ ಇದು ವಾಪಸ್ ಬರೋ ಗಟ್ಟಿತನ. ಅರವತ್ತು ಡಿಗ್ರಿಗಿಂತ ಮೇಲೆ ಬಿಸಿ ತಾಗಿದ್ರೆ, ಜೊತೆಗೆ ಒಂಚೂರು ನೀರಿದ್ರೆ, ಆ ಗಂಟು ಬಿಚ್ಕೊಂಡು ಚಪಾತಿ ಮತ್ತೆ ಮೆತ್ತಗಾಗುತ್ತೆ. ಬಿಸಿ ಮಾತ್ರ ಕೊಟ್ಟು ನೀರು ಕೊಡದೆ ಬಾಣಲೇಲಿ ಹುರೀತಾ ನಿಂತ್ರೆ ಇದ್ದ ನೀರೂ ಹಾರಿ ಹಪ್ಪಳದ ಚೂರಾಗುತ್ತೆ, ಇದೇ ನಿಮ್ಮ ರಟ್ಟು. ನೀರು ಜಾಸ್ತಿ ಆದ್ರೆ ಆಗ್ಲೇ ಬೆಂದಿರೋ ಹಿಟ್ಟು ಕ್ಷಣದಲ್ಲಿ ಹೀರ್ಕೊಂಡು ಮೇಲ್ಗಡೆ ಗೋಂದಾಗಿ ಒಂದಕ್ಕೊಂದು ಅಂಟ್ಕೊಳ್ಳುತ್ತೆ, ಅದೇ ಮುದ್ದೆ. ಎರಡರ ಮಧ್ಯ ಇರೋ ಜಾಗ ಚಿಕ್ಕದು. ಆ ಜಾಗಕ್ಕೆ ಹೋಗೋಕೆ ಸುಲಭದ ದಾರಿ ಹಬೆ.

ಹಂಗಾಗಿ ಒಲೆ ಹಚ್ಚೋಕೆ ಮುಂಚೆ ಒಂದು ಚಪಾತಿ ತಗೊಂಡು ಮಧ್ಯಕ್ಕೆ ಮಡಚಿ ನೋಡಿ, ನಾನು ಈಗ್ಲೂ ದಿನಾ ಮಾಡೋದು ಇದನ್ನೇ. ಮಡಚಿದ ಕಡೆ ಬಿರುಕೇ ಬಿಡದೆ ಕರ್ಚೀಫ್ ತರ ಮಡಚ್ಕೊಂಡ್ರೆ ಅದ್ರಲ್ಲಿ ನೀರು ಬೇಕಾದಷ್ಟಿದೆ, ಆರಕ್ಕೆ ಎರಡು ಚಮಚ ಚಿಮುಕಿಸಿದ್ರೆ ಸಾಕು, ಟೊಮೆಟೊ ಹಾಕ್ತೀರ ಅಂದ್ರೆ ಅದೂ ಬೇಡ. ಮಡಚಿದಾಗ ಗೆರೆ ಗೆರೆ ಬಿರುಕು ಬಿಟ್ಟು ಆದ್ರೆ ಎರಡು ತುಂಡಾಗದೆ ನಿಂತ್ರೆ ಅದು ಉಪ್ಪಿಟ್ಟಿಗೆ ಹೇಳಿ ಮಾಡ್ಸಿದ ಹದ, ನಾಲ್ಕೈದು ಚಮಚ. ಟಪ್ ಅಂತ ಸದ್ದಾಗಿ ಮುರಿದ್ರೆ ಆರೇಳು ಚಮಚ ಬೇಕಾಗುತ್ತೆ, ಅದೂ ಚೂರು ಮಾಡಿ ನೀರು ಚಿಮುಕಿಸಿ ಹತ್ತು ನಿಮಿಷ ಮುಚ್ಚಿಟ್ಟು ಆಮೇಲೆ ಒಗ್ಗರಣೆಗೆ ಹಾಕ್ಬೇಕು. ಪೂರ್ತಿ ಹಪ್ಪಳ ಆಗೋಗಿದೆ ಅಂದ್ರೆ ಉಪ್ಪಿಟ್ಟಿನ ಆಸೆ ಬಿಡಿ, ಬಿಸಿ ತಿಳಿಸಾರಿಗೆ ಮುರಿದು ಹಾಕ್ಕೊಂಡು ತಿನ್ನಿ, ಅದರ ರುಚಿನೇ ಬೇರೆ.

ಹಾಟ್‌ಬಾಕ್ಸಲ್ಲಿ ಇಟ್ಟಿದ್ರೆ ಒಂದೇ ಚಪಾತಿ ನೋಡಿ ತೀರ್ಮಾನ ಮಾಡ್ಬೇಡಿ. ಬಿಸಿ ಬಿಸಿ ಹಾಕಿ ಮುಚ್ಚಿದ್ರೆ ಹಬೆ ಮುಚ್ಚಳಕ್ಕೆ ಕಟ್ಟಿ ತೊಟ್ಟಿಕ್ಕಿ ತಳಕ್ಕೆ ಇಳಿಯುತ್ತೆ, ತಳದ ಎರಡು ಚಪಾತಿ ತ್ಯಾವ ಹಿಡಿದು ಒದ್ದೆ ಬಟ್ಟೆ ಆಗಿರುತ್ತೆ, ಮಧ್ಯದ್ದು ಚೆನ್ನಾಗಿರುತ್ತೆ. ಆ ಒದ್ದೆ ಎರಡನ್ನ ಬೇರೆ ತೆಗೆದು ಬರೀ ಹೆಂಚಿನ ಮೇಲೆ ಎರಡೂ ಕಡೆ ಅರ್ಧರ್ಧ ನಿಮಿಷ ಆರಿಸಿ, ಆಮೇಲೆ ಉಳಿದಿದ್ರ ಜೊತೆ ಸೇರಿಸಿ. ನೀವು ಅಂಟಂಟು ಅಂದ್ರಲ್ಲ, ಆ ದಿನಗಳಲ್ಲಿ ಬಹುಶಃ ಈ ತಳದ ಚಪಾತಿನೇ ಕಾರಣ, ಎಲ್ಲಾ ಸೇರಿಸಿ ಮಿಕ್ಸಿಗೆ ಹಾಕಿರ್ತೀರ.

ಮಿಕ್ಸಿ ವಿಷ್ಯ ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. ನನ್ನ ಓಟು ಕೈಗೇ. ಎರಡೆರಡು ಚಪಾತಿ ಜೋಡಿಸಿ ಸುರುಳಿ ಸುತ್ತಿ, ಅಗಲ ಅಗಲ ಸೀಳ್ಕೊಂಡು, ಮತ್ತೆ ಅಡ್ಡಕ್ಕೆ ಹರಿದ್ರೆ ಬೆರಳುಗುರಿನಷ್ಟು ಚೂರಾಗುತ್ತೆ, ಆರು ಚಪಾತಿಗೆ ನಾಲ್ಕೈದು ನಿಮಿಷ, ಮಕ್ಕಳಿಗೆ ಕೊಟ್ರೆ ಅವ್ರೂ ಮಾಡ್ತಾರೆ. ಹರಿದ ಚೂರಿನ ಅಂಚು ಒರಟಾಗಿರುತ್ತೆ, ಒಗ್ಗರಣೆ ಅದಕ್ಕೆ ಹಿಡಿಯುತ್ತೆ. ಮಿಕ್ಸೀನೇ ಬೇಕು ಅಂದ್ರೆ ಜಾರಿಗೆ ಒಂದ್ಸಲಕ್ಕೆ ಎರಡೇ ಚಪಾತಿ ತುಂಡು ಹಾಕಿ, ಜಾರು ಒಣಗಿರ್ಬೇಕು, ಬಟನ್ನನ್ನ ಹಿಂದಕ್ಕೆ ತಿರುಗಿಸಿ ಬಿಟ್ಟು ತಿರುಗಿಸಿ ಬಿಟ್ಟು ಮೂರು ಸಲ. ನಾಲ್ಕನೇ ಸಲಕ್ಕೆ ಪುಡಿ ಆಗೋಕೆ ಶುರುವಾಗುತ್ತೆ. ಪುಡಿ ಆದ್ಮೇಲೆ ಎಷ್ಟು ಹುಷಾರಾಗಿ ನೀರು ಚಿಮುಕಿಸಿದ್ರೂ ಕಲಸಿದ ಹಿಟ್ಟಿನ ತರ ಗಂಟು ಕಟ್ಟುತ್ತೆ. ತಪ್ಪಿ ಪುಡಿ ಆಗೇ ಹೋಯ್ತಾ, ಬೆಲ್ಲದ ಪುಡಿ, ಏಲಕ್ಕಿ, ಒಂದೆರಡು ಚಮಚ ಬಿಸಿ ತುಪ್ಪ ಹಾಕಿ ಉಂಡೆ ಕಟ್ಟಿ ಸಂಜೆಗೆ ಮಕ್ಕಳಿಗೆ ಕೊಡಿ, ಉಪ್ಪಿಟ್ಟಿಗೆ ಹೋಗ್ಬೇಡಿ.

ಈಗ ಹೋದ ಭಾನುವಾರ ನಮ್ಮನೇಲಿ ಮಾಡಿದ್ದನ್ನ ಹಂಗೇ ಹೇಳ್ತೀನಿ, ನೀವು ನಿಮ್ಮ ಲೆಕ್ಕಕ್ಕೆ ತಕ್ಕಂಗೆ ಮಾಡ್ಕೊಳ್ಳಿ. ಶನಿವಾರ ರಾತ್ರಿದು ಆರು ಚಪಾತಿ ಇತ್ತು, ಎಣ್ಣೆ ಹಚ್ಚಿ ಬೇಯಿಸಿದ್ದು, ಬಟ್ಟೇಲಿ ಸುತ್ತಿ ಡಬ್ಬೀಲಿಟ್ಟಿದ್ದೆ. ತೂಕದ ಮೇಲಿಟ್ಟೆ, ಹತ್ತಿರ ಹತ್ತಿರ ಇನ್ನೂರ ನಲವತ್ತು ಗ್ರಾಂ, ಅಂದ್ರೆ ಒಂದೊಂದು ನಲವತ್ತು ಗ್ರಾಂ. ಮೂರು ಜನಕ್ಕೆ ಸರಿಹೋಗುತ್ತೆ, ಹೊಟ್ಟೆ ತುಂಬಾ ತಿನ್ನೋರಾದ್ರೆ ಇಬ್ಬರಿಗೆ. ಮಡಚಿದಾಗ ಬಿರುಕು ಬಿಡ್ತು, ಮುರೀಲಿಲ್ಲ. ಕೈಯಲ್ಲಿ ಹರಿದು ಅಗಲವಾದ ತಟ್ಟೇಲಿ ಹರಡಿದೆ, ಗುಡ್ಡೆ ಹಾಕಿಲ್ಲ.

ಅಗಲದ ಬಾಣಲೆ ಇಟ್ಟು ಎರಡೂವರೆ ಚಮಚ ಕಡ್ಲೆಕಾಯಿ ಎಣ್ಣೆ ಹಾಕ್ದೆ. ಎಣ್ಣೆ ಕಾದ್ಮೇಲೆ ಮೊದ್ಲು ಒಂದು ಹಿಡಿ ಕಡ್ಲೆಬೀಜ, ಅದು ಚಟಪಟ ಅಂದು ಸಿಪ್ಪೆ ಕೆಂಪಗಾದಾಗ ಸೌಟಲ್ಲಿ ತೆಗೆದು ಪಕ್ಕಕ್ಕೆ. ಬೀಜನ ಒಗ್ಗರಣೇಲೇ ಬಿಟ್ರೆ ಆಮೇಲೆ ಹಬೇಲಿ ಮೆತ್ತಗಾಗಿಬಿಡುತ್ತೆ, ಇಷ್ಟು ಮೆತ್ತಗಿರೋ ತಿಂಡೀಲಿ ಕಟುಂ ಅನ್ನೋದು ಅದೊಂದೇ, ಅದನ್ನೂ ಕಳ್ಕೊಂಡ್ರೆ ಏನು ಮಜಾ? ಅದೇ ಎಣ್ಣೆಗೆ ಸಾಸಿವೆ, ಸಿಡಿದ್ಮೇಲೆ ಒಂದು ಚಮಚ ಕಡ್ಲೆಬೇಳೆ, ಅರ್ಧ ಚಮಚ ಉದ್ದಿನಬೇಳೆ. ಬೇಳೆ ಹೊಂಬಣ್ಣ ಬಂದಾಗ ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ಎರಡು ಎಸಳು ಕರಿಬೇವು, ಚಿಟಿಕೆ ಇಂಗು.

ಆಮೇಲೆ ಉದ್ದುದ್ದ ಹೆಚ್ಚಿದ ಎರಡು ಮಧ್ಯಮ ಈರುಳ್ಳಿ. ಇದನ್ನ ಕೆಂಪಗೆ ಹುರಿಯೋಕೆ ಹೋಗ್ಬೇಡಿ, ಮೂರು ನಿಮಿಷದಲ್ಲಿ ಕನ್ನಡಿ ತರ ಆಗುತ್ತಲ್ಲ ಅಷ್ಟು ಸಾಕು. ಈರುಳ್ಳಿ ಒಳಗಿರೋ ನೀರೇ ಆಮೇಲೆ ಹಬೆ ಆಗಿ ಚಪಾತಿಗೆ ಕೆಲಸ ಮಾಡೋದು, ಕೆಂಪಗೆ ಹುರಿದ್ರೆ ಆ ನೀರೆಲ್ಲ ಹಾರೋಗಿರುತ್ತೆ. ಕಾಲು ಚಮಚ ಅರಿಶಿನ, ಉಪ್ಪು ಇಲ್ಲೇ. ಉಪ್ಪು ಅರ್ಧ ಟೀ ಚಮಚಕ್ಕಿಂತ ಕಮ್ಮಿ ಹಾಕಿ, ಚಪಾತಿ ಹಿಟ್ಟಿಗೆ ಕಲಸುವಾಗ್ಲೇ ಉಪ್ಪು ಬಿದ್ದಿರುತ್ತೆ. ಕೊನೇಲಿ ಮೇಲಿಂದ ಉಪ್ಪು ಉದುರಿಸಿದ್ರೆ ಒಂದು ಕಡೆ ಉಪ್ಪುಪ್ಪು ಒಂದು ಕಡೆ ಸಪ್ಪೆ, ಯಾಕಂದ್ರೆ ಕರಗೋಕೆ ಇಲ್ಲಿ ನೀರಿಲ್ಲ. ಒಗ್ಗರಣೇಲೇ ಈರುಳ್ಳಿ ನೀರಿಗೆ ಕರಗಿದ್ರೆ ಎಲ್ಲಾ ಕಡೆ ಹೋಗುತ್ತೆ.

ಒಂದು ಟೊಮೆಟೊ ಸಣ್ಣಗೆ ಹೆಚ್ಚಿ ಹಾಕ್ದೆ. ನಿಮ್ಮ ಕಡೆ, ಕೋಲಾರದ ಕಡೆ ಟೊಮೆಟೊಗೇನು ಬರ, ಆದ್ರೆ ಯಾವ ಟೊಮೆಟೊ ಅನ್ನೋದು ನೋಡ್ಕೊಳ್ಳಿ. ನಾಟಿ ಟೊಮೆಟೊ ಆದ್ರೆ ಹುಳಿ ಜಾಸ್ತಿ, ರಸಾನೂ ಜಾಸ್ತಿ, ಒಂದು ಹಾಕಿದ್ರೆ ಚಿಮುಕಿಸೋ ನೀರಲ್ಲಿ ಎರಡು ಚಮಚ ಕಳೀಬೇಕು. ಲಾರಿಗೆ ಹಾಕಿ ದೂರ ಕಳ್ಸೋ ಗಟ್ಟಿ ಹೈಬ್ರಿಡ್ ಆದ್ರೆ ರಸ ಕಮ್ಮಿ, ಒಂದೇ ಚಮಚ ಕಳೆದ್ರೆ ಸಾಕು. ನಮ್ಮನೇಲಿದ್ದಿದ್ದು ಗಟ್ಟಿದು. ಅದು ಕರಗಿ ಬಾಣಲೆ ಅಂಚಲ್ಲಿ ಎಣ್ಣೆ ಕಾಣೋವರೆಗೂ ಹುರಿದೆ, ಅರ್ಧಂಬರ್ಧ ಬಿಟ್ರೆ ಆ ರಸ ನೇರ ಚಪಾತಿಗೆ ಹೋಗಿ ಅಲ್ಲಲ್ಲೇ ಅಂಟಿಸುತ್ತೆ.

ಇನ್ನು ಮುಖ್ಯವಾದ ಜಾಗ. ಉರಿ ಸಣ್ಣ ಮಾಡಿ ಚಪಾತಿ ಚೂರು ಪೂರ್ತಿ ಹಾಕಿ, ನೀರು ಇನ್ನೂ ಮುಟ್ಟಬೇಡಿ. ಮೊದ್ಲು ಒಂದು ನಿಮಿಷ ಹಂಗೇ ಮಗುಚಿ, ಪ್ರತಿ ಚೂರಿಗೂ ಒಗ್ಗರಣೆ ಎಣ್ಣೆ ತಾಗ್ಲಿ, ಹಳದಿ ಬಣ್ಣ ಎಲ್ಲಾ ಕಡೆ ಒಂದೇ ಸಮ ಬಂತು ಅಂದ್ರೆ ಎಣ್ಣೆ ತಾಗಿದೆ ಅಂತ ಅರ್ಥ. ಈ ಎಣ್ಣೆ ಪದರ ಇದ್ರೆ ಆಮೇಲೆ ನೀರು ಬಿದ್ರೂ ಚೂರುಗಳು ಒಂದಕ್ಕೊಂದು ಅಂಟಲ್ಲ, ಟಪ್ ಅಂತ ಮುರಿಯೋ ಚಪಾತಿ ಬಿಟ್ರೆ, ನೀರು ಮೊದ್ಲು ಎಣ್ಣೆ ಆಮೇಲೆ ಅಂದ್ರೆ ಉಲ್ಟಾ ಆಗುತ್ತೆ. ಎಷ್ಟೋ ಜನ ಚೂರು ಮಾಡಿದ ಚಪಾತಿನ ನೀರಲ್ಲಿ ಅದ್ದಿ ಹಿಂಡಿ ಹಾಕ್ತಾರೆ, ಅದು ಬೇಡವೇ ಬೇಡ.

ಆಮೇಲೆ ನೀರು. ಬಟ್ಟಲಲ್ಲಿ ನಾಲ್ಕು ಚಮಚ ಬಿಸಿನೀರು ತಗೊಂಡು, ಅಂಗಳಕ್ಕೆ ನೀರು ಚಿಮುಕಿಸ್ತೀವಲ್ಲ ಹಂಗೆ ಬೆರಳಲ್ಲಿ ಮೇಲೆಲ್ಲ ಚಿಮುಕಿಸ್ದೆ, ಅರ್ಧ ಚಿಮುಕಿಸಿ ಒಂದ್ಸಲ ಮಗುಚಿ, ಉಳಿದರ್ಧ ಆಮೇಲೆ. ತಣ್ಣೀರಾದ್ರೆ ಬಾಣಲೆ ತಣ್ಣಗಾಗಿ ಹಬೆ ಏಳೋಕೆ ತಡ ಆಗುತ್ತೆ, ಅಷ್ಟರಲ್ಲಿ ಚಪಾತಿ ಒಂದು ಕಡೆ ನೀರು ಹೀರ್ಕೊಂಡಿರುತ್ತೆ, ಬಿಸಿನೀರೇ ಇರ್ಲಿ. ಹಗುರವಾದ ತಟ್ಟೆ ಮುಚ್ಚಿ ಎರಡು ನಿಮಿಷ, ಸಣ್ಣ ಉರೀಲಿ. ಮುಚ್ಚಳ ತೆಗೆದು ಒಂದು ಚೂರು ಬೆರಳ ಮಧ್ಯೆ ಒತ್ತಿ ನೋಡಿ. ಒತ್ತಿದ್ರೆ ಮೆತ್ತಗಿದ್ದು ಬಿಟ್ಟಾಗ ಮತ್ತೆ ಬಿಚ್ಕೊಂಡ್ರೆ ಸರಿ. ಮಧ್ಯ ಇನ್ನೂ ಗಟ್ಟಿ ಎಳೆ ಸಿಕ್ರೆ ಇನ್ನೊಂದು ಚಮಚ ನೀರು, ಇನ್ನೊಂದು ನಿಮಿಷ ಮುಚ್ಚಿ. ಬೆರಳಿಗೆ ಅಂಟಿ ಬಂದ್ರೆ ನೀರು ಜಾಸ್ತಿ ಆಗಿದೆ, ಗಾಬರಿ ಬೇಡ, ಮುಚ್ಚಳ ತೆಗೆದು ಉರಿ ಜೋರು ಮಾಡಿ ಬಾಣಲೆ ತುಂಬ ಹರಡಿ ಕೈಯಾಡಿಸದೆ ಒಂದು ನಿಮಿಷ ಬಿಡಿ, ತಳಕ್ಕೆ ತೆಳು ಗರಿ ಹಿಡಿದಾಗ ಮಗುಚಿ, ಎರಡು ಸಲ ಹಂಗೆ ಮಾಡಿದ್ರೆ ಮುಕ್ಕಾಲು ಭಾಗ ಸರಿಹೋಗುತ್ತೆ. ಅಂಟಾಗಿದೆ ಅಂತ ಜೋರಾಗಿ ಕಲಸ್ತಾ ನಿಂತ್ರೆ ಮಾತ್ರ ಮುದ್ದೆ ಕಟ್ಟೋದು ಗ್ಯಾರಂಟಿ.

ಒಲೆ ಆರಿಸಿದ್ಮೇಲೆ ಅರ್ಧ ಹೋಳು ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು, ಪಕ್ಕಕ್ಕಿಟ್ಟ ಬೀಜ, ಎರಡು ಮೂರು ಚಮಚ ಹಸಿ ಕಾಯಿತುರಿ. ತುಮಕೂರಲ್ಲಿ ಕುಂತು ಕಾಯಿ ಇಲ್ಲದೆ ತಿಂಡಿ ಮಾಡಿದ್ರೆ ನಮ್ಮತ್ತೆ ಒಪ್ಪಲ್ಲ, ಆದ್ರೆ ಅದು ಬರೀ ಅಭಿಮಾನದ ಮಾತಲ್ಲ, ಕಾಯಿ ತುರಿಯ ತ್ಯಾವ ಮತ್ತೆ ಜಿಡ್ಡು ಎರಡೂ ಈ ತಿಂಡಿಗೆ ಬೇಕು, ಗೋಧಿಯ ಒಂಥರಾ ಒಣ ವಾಸನೆ ಅದ್ರಿಂದ ಕಮ್ಮಿ ಆಗುತ್ತೆ. ಹೆಚ್ಚೋದು ತುರಿಯೋದು ಸೇರಿ ನಂಗೆ ಇಪ್ಪತ್ತೆರಡು ನಿಮಿಷ ಹಿಡೀತು, ಒಲೆ ಮೇಲೆ ಹನ್ನೆರಡೇ.

ರುಚಿ ಬದಲಾಯಿಸ್ಬೇಕು ಅಂದ್ರೆ ನಿಂಬೆಹಣ್ಣು ಟೊಮೆಟೊ ಎರಡೂ ಬಿಟ್ಟು ಹುಳಿ ಮಜ್ಜಿಗೆ ಚಿಮುಕಿಸಿ. ಗಟ್ಟಿ ಮೊಸರಲ್ಲ, ಒಂದು ಚಮಚ ಹುಳಿ ಮೊಸರಿಗೆ ನಾಲ್ಕು ಚಮಚ ನೀರು ಹಾಕಿ ಕಡೆದ ನೀರು ಮಜ್ಜಿಗೆ, ಜೊತೆಗೆ ಒಗ್ಗರಣೆಗೆ ಒಂದು ಇಂಚು ಶುಂಠಿ ಜಜ್ಜಿ ಹಾಕಿದ್ರೆ ಬಹಳ ಚೆನ್ನಾಗಿರುತ್ತೆ, ನನ್ನ ಮಗಳಿಗೆ ಇದೇ ಇಷ್ಟ. ಡಿಸೆಂಬರ್ ಜನವರೀಲಿ ಸೊಗಡವರೆ ಬಂತು ಅಂದ್ರೆ ನಿಮ್ಮೂರಲ್ಲಿ ನಾನು ಹೇಳ್ಬೇಕಾ, ಒಂದು ಬಟ್ಟಲು ಅವರೆಕಾಳು ಉಪ್ಪು ಹಾಕಿ ಬೇಯಿಸಿ ಈರುಳ್ಳಿ ಜೊತೆ ಹಾಕಿ, ಬೇಯಿಸಿದ ಕಟ್ಟನ್ನ ಚೆಲ್ಲಬೇಡಿ, ಬರೀ ನೀರಿನ ಬದಲು ಅದನ್ನೇ ಚಿಮುಕಿಸಿ. ಉಪ್ಪು ಮಾತ್ರ ನೋಡ್ಕೊಂಡು ಹಾಕಿ, ಕಟ್ಟಲ್ಲೂ ಇರುತ್ತೆ. ಬೀನ್ಸ್ ಕ್ಯಾರೆಟ್ ಹಾಕೋದಾದ್ರೆ ಬೇರೆ ಬೇಯಿಸೇ ಹಾಕಿ, ಇಲ್ಲಿ ಮುಚ್ಚಿಡೋ ಎರಡು ನಿಮಿಷದಲ್ಲಿ ಅವು ಬೇಯಲ್ಲ.

ಪುಲ್ಕ ಮಾಡೋ ಮನೆಗಳಿಗೆ ಒಂದು ಮಾತು. ಎಣ್ಣೆ ಹಚ್ಚದೆ ಉಬ್ಬಿಸಿದ ಪುಲ್ಕ ತೆಳ್ಳಗೆ, ಬೇಗ ಒಣಗುತ್ತೆ, ಎಣ್ಣೆ ಅರ್ಧ ಚಮಚ ಜಾಸ್ತಿ ಬೇಕು, ನೀರು ಬೇಗ ಹೀರುತ್ತೆ ಹಂಗಾಗಿ ಇನ್ನೂ ನಿಧಾನಕ್ಕೆ ಚಿಮುಕಿಸ್ಬೇಕು. ಮಡಚಿ ಎಣ್ಣೆ ಹಚ್ಚಿ ಲಟ್ಟಿಸಿದ ಪದರ ಚಪಾತಿ ಉಪ್ಪಿಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತೆ, ಹರೀವಾಗ ಪದರ ಪದರ ಬಿಡುತ್ತೆ.

ನೀವು ಕೇಳಿಲ್ಲ, ಆದ್ರೂ ಇದನ್ನ ಹೇಳದೆ ಬಿಡೋಕಾಗಲ್ಲ. ಯಾವ ಚಪಾತಿ ಉಪ್ಪಿಟ್ಟಿಗೆ, ಯಾವುದು ಕಸಕ್ಕೆ ಅಂತ ಗೊತ್ತಿರ್ಬೇಕು. ಚಳಿಗಾಲದಲ್ಲಿ ರಾತ್ರಿ ಒಂಬತ್ತಕ್ಕೆ ಮಾಡಿದ್ದು ಬೆಳಗ್ಗೆ ಏಳಕ್ಕೆ ಹೊರಗಿದ್ರೂ ಸಾಮಾನ್ಯವಾಗಿ ಏನೂ ಆಗಿರಲ್ಲ. ಮಾರ್ಚಿಂದ ಮೇವರೆಗೂ ನಮ್ಮ ಕಡೆ ಬಿಸಿಲಿಗೆ ಆ ಧೈರ್ಯ ಮಾಡ್ಬೇಡಿ, ಮಳೆಗಾಲದ ತ್ಯಾವದಲ್ಲೂ ಅಷ್ಟೇ, ಮಲಗೋಕೆ ಮುಂಚೆ ಆರಿಸಿ ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಿ. ಗಟ್ಟಿ ಆಗುತ್ತೆ ಅಂತ ಹೆದರಬೇಡಿ, ಆ ಗಟ್ಟಿತನ ಹಬೆಗೆ ಹೋಗುತ್ತೆ ಅಂತ ಮೇಲೇ ಹೇಳಿದ್ನಲ್ಲ. ಹಸಿರು ಬಿಳಿ ಕಪ್ಪು ಚುಕ್ಕೆ ಒಂದೇ ಒಂದು ಕಂಡ್ರೂ ಆ ಭಾಗ ಕಿತ್ತು ಉಳಿದಿದ್ದು ಬಳಸೋದು ತಪ್ಪು, ಬೂಸ್ಟಿನ ಬೇರು ಕಣ್ಣಿಗೆ ಕಾಣದಂಗೆ ಒಳಗೆ ಹೋಗಿರುತ್ತೆ. ಹರಿದಾಗ ಜೇಡರ ಬಲೆ ತರ ನೂಲು ನೂಲು ಎಳೆ ಬಂದ್ರೆ, ಇಲ್ಲ ಕೊಳೆತ ಹಣ್ಣಿನಂಥ ವಾಸನೆ ಬಂದ್ರೆ ಎಸೀರಿ. ಅದನ್ನ ಎಷ್ಟು ಹುರಿದ್ರೂ ಸರಿಹೋಗಲ್ಲ, ಮಕ್ಕಳಿರೋ ಮನೆ. ಊಟದ ತಟ್ಟೇಲಿ ಪಲ್ಯ ಸಾಗು ತಾಗಿದ್ದ ಚಪಾತಿ, ಆಲೂಗಡ್ಡೆ ತುಂಬಿದ್ದು, ಇವನ್ನ ಹೊರಗಿಟ್ಟು ಬೆಳಗ್ಗೆಗೆ ಬಳಸ್ಬೇಡಿ. ಹಾಲು ಹಾಕಿ ಕಲಸಿದ ಹಿಟ್ಟಿನ ಚಪಾತಿನೂ ಬೇಗ ಹಳಸುತ್ತೆ.

ಈಗ ಡಬ್ಬಿ. ಬಿಸಿ ಬಿಸಿ ತಿಂದಾಗ ಎಷ್ಟು ಚೆನ್ನಾಗಿರುತ್ತೋ ತಣ್ಣಗಾದ್ಮೇಲೆ ಅಷ್ಟೇ ಬೇಜಾರಾಗೋ ತಿಂಡಿ ಇದು, ಸುಳ್ಳು ಹೇಳಲ್ಲ. ಒಂದ್ಸಲ ಬಿಚ್ಕೊಂಡ ಗಂಟು ತಣ್ಣಗಾಗ್ತಿದ್ದಂಗೆ ಮತ್ತೆ ಬಿಗಿಯುತ್ತೆ, ಬೆಳಗ್ಗೆ ಎಂಟಕ್ಕೆ ಕಟ್ಟಿದ ಡಬ್ಬಿ ಹನ್ನೊಂದರ ಬ್ರೇಕಿಗೆ ತೆಗೆದಾಗ ಚೂರು ಚೂರು ರಬ್ಬರ್ ಆಗಿರುತ್ತೆ, ಮಕ್ಕಳು ಹಂಗೇ ವಾಪಸ್ ತರ್ತಾರೆ, ನೀವು ಮಕ್ಕಳನ್ನ ಬೈತೀರ. ಹಾಕ್ಲೇಬೇಕು ಅಂದ್ರೆ ಮಜ್ಜಿಗೆ ಚಿಮುಕಿಸಿದ್ದನ್ನ ಹಾಕಿ, ಎಣ್ಣೆ ಒಂದು ಚಮಚ ಜಾಸ್ತಿ, ಮನೇಲಿ ತಿನ್ನೋಕಿಂತ ಎರಡು ಚಮಚ ತ್ಯಾವ ಜಾಸ್ತಿ, ಕಡ್ಲೆಬೀಜ ಬೇರೆ ಪೊಟ್ಟಣದಲ್ಲಿ, ಹಸಿ ಕಾಯಿತುರಿ ಬೇಡ, ಬೇಸಿಗೇಲಿ ಮಧ್ಯಾಹ್ನದೊಳಗೆ ಹಳಸುತ್ತೆ. ಹಬೆ ಪೂರ್ತಿ ಹೋದ್ಮೇಲೆ ಮುಚ್ಚಳ ಹಾಕಿ, ಇಲ್ಲಾಂದ್ರೆ ಹಾಟ್‌ಬಾಕ್ಸಿನ ಕತೆನೇ ಇಲ್ಲೂ. ಇಷ್ಟೆಲ್ಲ ತಾಪತ್ರಯ ಯಾಕೆ ಅನ್ಸಿದ್ರೆ ಡಬ್ಬಿಗೆ ಚಿತ್ರಾನ್ನ ಕಟ್ಬಿಡಿ, ಈ ಉಪ್ಪಿಟ್ಟನ್ನ ಬಾಣಲೆಯಿಂದ ನೇರ ತಟ್ಟೆಗೆ ಹಾಕಿ ಅವರು ಯೂನಿಫಾರಂ ಹಾಕ್ಕೊಳ್ಳೋ ಹೊತ್ತಿಗೆ ತಿನ್ನಿಸಿ ಕಳ್ಸಿ.